‘ಆಮೇಲೆ ತಿಳಿಸ್ತೀವಿ’ ಅಂದವರು ಏನು ತಿಳಿಸಬೇಕು?

‘ಸರಿ, ನಾವು ಆಮೇಲೆ ತಿಳಿಸ್ತೀವಿ.’ ಬೆಂಗಳೂರಿನಲ್ಲಿ ಕೆಲಸ ಹುಡುಕಿದ ಯಾರಿಗೇ ಆದರೂ ಈ ವಾಕ್ಯದ ಅರ್ಥ ಗೊತ್ತು. ತಿಳಿಸೋದಿಲ್ಲ ಅಂತ. ಮೂರು ಸುತ್ತು ಇಂಟರ್‌ವ್ಯೂ ಮಾಡಿ, ಮನೆಯಲ್ಲಿ ಕೂತು ಮಾಡೋ ಟಾಸ್ಕ್ ಕೊಟ್ಟು, ಒಂದು ದಿನ ರಜೆ ಹಾಕಿಸಿ ಆಫೀಸಿಗೆ ಕರೆಸಿಕೊಂಡವರೂ ಕೊನೆಗೆ ಒಂದು ಸಾಲು ಬರೆಯೋದಿಲ್ಲ. ಅಭ್ಯರ್ಥಿ ಹತ್ತು ದಿನ ಇಮೇಲ್ ನೋಡ್ತಾರೆ, ಹನ್ನೊಂದನೇ ದಿನ ತಾವೇ ಅರ್ಥ ಮಾಡ್ಕೊಳ್ತಾರೆ.

ಈ ಮೌನಕ್ಕೆ ಬೆಲೆ ಇದೆ, ಅದನ್ನು ಕಟ್ಟೋದು ಅಭ್ಯರ್ಥಿ. ಇನ್ನೊಂದು ಕಡೆಯಿಂದ ಬಂದ ಕಡಿಮೆ ಸಂಬಳದ ಆಫರ್‌ಗೆ ಶುಕ್ರವಾರದೊಳಗೆ ಉತ್ತರ ಕೊಡಬೇಕಿರುತ್ತೆ. ಪಿಜಿಗೆ ಮುಂದಿನ ತಿಂಗಳ ಬಾಡಿಗೆ ಕಟ್ಟಬೇಕಾ, ಊರಿಗೆ ಹೋಗಬೇಕಾ ಅಂತ ತೀರ್ಮಾನಿಸಬೇಕಿರುತ್ತೆ. ‘ಇಲ್ಲ’ ಅನ್ನೋ ಉತ್ತರ ಸೋಮವಾರವೇ ಬಂದಿದ್ದರೆ ಆ ಎರಡೂ ತೀರ್ಮಾನ ಸುಲಭ. ಹಾಗಾಗಿ ಆಯ್ಕೆಯಾಗಿಲ್ಲ ಅಂತ ಹೇಳೋದು ಸೌಜನ್ಯದ ಮಾತಷ್ಟೇ ಅಲ್ಲ, ಇನ್ನೊಬ್ಬರು ತಮ್ಮ ಬದುಕಿನ ಲೆಕ್ಕ ಹಾಕೋಕೆ ಬೇಕಾದ ಮಾಹಿತಿ.

ಎಂಜಿನಿಯರಿಂಗ್ ಮುಗಿಸಿದಾಗ ನಾನು ಮೇಜಿನ ಆ ಕಡೆ ಕೂತಿದ್ದೆ. ಪತ್ರಕರ್ತನಾದ ಮೇಲೆ ಕೆಲವು ಸಲ ಈ ಕಡೆ ಕೂತಿದ್ದೀನಿ. ಈ ಲೇಖನ ಈ ಕಡೆ ಕೂತವರಿಗೆ. ನಿಮ್ಮಲ್ಲಿ ಅನೇಕರು ಸ್ಟಾರ್ಟಪ್‌ನಲ್ಲೋ ಎನ್‌ಜಿಒದಲ್ಲೋ ಇನ್ನೆರಡು ವರ್ಷದಲ್ಲಿ ಯಾರನ್ನೋ ಇಂಟರ್‌ವ್ಯೂ ಮಾಡ್ತೀರಿ. ಆಯ್ಕೆಯಾಗದವರಿಗೆ ಕಾರಣ ಬರೆಯೋ ಕೆಲಸ ಅಭ್ಯರ್ಥಿಗೆ ಉಪಯೋಗ ಆಗುತ್ತೆ, ನಿಜ. ಆದರೆ ಅದು ಅದಕ್ಕಿಂತ ಮೊದಲು ನಮ್ಮ ಆಯ್ಕೆ ನೆಟ್ಟಗಿದೆಯಾ ಅಂತ ಪರೀಕ್ಷೆ ಮಾಡುತ್ತೆ. ಬರೆಯೋಕೆ ಆಗದ ಕಾರಣ ಬಹುತೇಕ ಸಲ ಕಾರಣವೇ ಆಗಿರೋದಿಲ್ಲ.

ಸರ್ಕಾರಿ ಪರೀಕ್ಷೆಯಲ್ಲಿ ಇರೋದು, ಖಾಸಗಿಯಲ್ಲಿ ಇಲ್ಲದ್ದು

ಯುಪಿಎಸ್‌ಸಿ ಸಿವಿಲ್ ಸರ್ವೀಸಸ್ ಪರೀಕ್ಷೆಯನ್ನೇ ತಗೊಳ್ಳಿ. ಮುಖ್ಯ ಪರೀಕ್ಷೆಗೆ 1750 ಅಂಕ, ವ್ಯಕ್ತಿತ್ವ ಪರೀಕ್ಷೆ ಅಂತ ಕರೆಯೋ ಸಂದರ್ಶನಕ್ಕೆ 275. ಆಯ್ಕೆಯಾಗದವರಿಗೂ ತಮ್ಮ ಅಂಕ ಎಷ್ಟು ಅಂತ ಗೊತ್ತಾಗುತ್ತೆ. ಪರೀಕ್ಷೆ ಬರೆದವರು ತಮ್ಮದೇ ಉತ್ತರ ಪತ್ರಿಕೆಯನ್ನು ಮಾಹಿತಿ ಹಕ್ಕಿನಡಿ ನೋಡಬಹುದು ಅಂತ ಸುಪ್ರೀಂ ಕೋರ್ಟ್ 2011ರಲ್ಲಿ ಸಿಬಿಎಸ್‌ಇ ಪ್ರಕರಣದಲ್ಲಿ ಹೇಳಿತು. ಸಂದರ್ಶನದಲ್ಲಿ ಪಕ್ಷಪಾತಕ್ಕೆ ಜಾಗ ಇದೆ ಅನ್ನೋ ಕಾರಣಕ್ಕೆ ಕೇಂದ್ರ ಸರ್ಕಾರ 2016ರ ಜನವರಿಯಿಂದ ತನ್ನ ಕೆಳಹಂತದ ಹುದ್ದೆಗಳಿಗೆ ಸಂದರ್ಶನವನ್ನೇ ತೆಗೆದುಹಾಕಿತು.

ಖಾಸಗಿ ಕಂಪನಿಗಳಿಗೆ ಮಾಹಿತಿ ಹಕ್ಕು ಕಾಯ್ದೆ ಹೀಗೆ ಅನ್ವಯಿಸೋದಿಲ್ಲ. ಆಯ್ಕೆಯಾಗದವರಿಗೆ ಕಾರಣ ಹೇಳಲೇಬೇಕು ಅನ್ನೋ ಸಾಮಾನ್ಯ ಕಾನೂನೂ ನಮ್ಮಲ್ಲಿಲ್ಲ. ಹಾಗಂತ ಅಲ್ಲಿ ಪಕ್ಷಪಾತ ಇಲ್ಲ ಅಂತಲ್ಲ. ಸುಖದೇವ್ ಥೋರಟ್ ಮತ್ತು ಪಾಲ್ ಅಟ್ಟೆವೆಲ್ 2007ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ತೋರಿಸಿಕೊಟ್ಟಿತ್ತು. ಒಂದೇ ಮಟ್ಟದ ಓದು ಇರೋ ಅರ್ಜಿಗಳನ್ನು ಮೇಲ್ಜಾತಿಯ, ದಲಿತ ಮತ್ತು ಮುಸ್ಲಿಂ ಹೆಸರುಗಳಲ್ಲಿ ಖಾಸಗಿ ಕಂಪನಿಗಳಿಗೆ ಕಳಿಸಿದಾಗ, ದಲಿತ ಮತ್ತು ಮುಸ್ಲಿಂ ಹೆಸರಿನವರಿಗೆ ಕರೆ ಬರೋ ಸಾಧ್ಯತೆ ಕಡಿಮೆ ಇತ್ತು. ಅದೇ ವರ್ಷ ಪ್ರಕಟವಾದ ಇನ್ನೊಂದು ಅಧ್ಯಯನಕ್ಕೆ ಸುರಿಂದರ್ ಜೋಧ್ಕಾ ಮತ್ತು ಕ್ಯಾಥರೀನ್ ನ್ಯೂಮನ್ ಎಚ್‌ಆರ್ ಮ್ಯಾನೇಜರ್‌ಗಳನ್ನು ಮಾತಾಡಿಸಿದ್ದರು. ‘ನಾವು ಪ್ರತಿಭೆ ಮಾತ್ರ ನೋಡ್ತೀವಿ’ ಅನ್ನೋರೇ ಅಭ್ಯರ್ಥಿಯ ‘ಕುಟುಂಬದ ಹಿನ್ನೆಲೆ’ ಮುಖ್ಯ ಅಂತಲೂ ಹೇಳ್ತಿದ್ದರು.

ಈ ಹಿನ್ನೆಲೆಯಲ್ಲಿ ‘ಆಮೇಲೆ ತಿಳಿಸ್ತೀವಿ’ಯ ಮೌನ ಯಾರಿಗೆ ಅನುಕೂಲ ಅಂತ ಯೋಚಿಸಿ. ಕಾರಣ ಹೇಳಬೇಕಿಲ್ಲ ಅಂದಾಗ ಕಾರಣ ಇರಬೇಕು ಅಂತಲೂ ಇಲ್ಲ.

ಸಂದೇಶ ಶುರುವಾಗೋದು ಇಂಟರ್‌ವ್ಯೂಗೆ ಮೊದಲು

ಒಂದು ನಿಜವಾದ ನೇಮಕಾತಿಯ ಉದಾಹರಣೆ ಕೊಡ್ತೀನಿ. ಅಭ್ಯರ್ಥಿಗಳ ಗುರುತು ಸಿಗದ ಹಾಗೆ ಕೆಲವು ವಿವರ ಬದಲಾಯಿಸಿದ್ದೀನಿ. ಒಂದು ಸಣ್ಣ ಸುದ್ದಿಮನೆಗೆ ಒಬ್ಬ ಡೇಟಾ ವರದಿಗಾರರು ಬೇಕಿತ್ತು. ಅರವತ್ತರಷ್ಟು ಅರ್ಜಿ ಬಂದವು, ಐವರನ್ನು ಕರೆದೆವು, ಪ್ಯಾನೆಲ್‌ನಲ್ಲಿ ನಾವು ಮೂವರಿದ್ದೆವು.

ಜಾಹೀರಾತು ಹಾಕೋ ಮೊದಲೇ ನಾಲ್ಕು ಅಂಶ ಬರೆದುಕೊಂಡಿದ್ದೆವು: ಅಂಕಿ ಓದೋದು, ತಿಳಿಗನ್ನಡದಲ್ಲಿ ಬರೆಯೋದು, ಫೀಲ್ಡಿನಲ್ಲಿ ಏನು ಕೇಳಬೇಕು ಅನ್ನೋ ಅಂದಾಜು, ಮತ್ತು ಎಡಿಟರ್ ತಿದ್ದಿದಾಗ ಬರಹ ಸುಧಾರಿಸೋದು. ಪ್ರತಿಯೊಂದಕ್ಕೂ 1ರಿಂದ 4ರವರೆಗೆ ಅಂಕ. 5 ಇಟ್ಟರೆ ಎಲ್ಲರೂ ನಡುವಿನ 3 ಹಾಕಿ ತಪ್ಪಿಸಿಕೊಳ್ತಾರೆ, ಅದಕ್ಕೇ ನಾಲ್ಕು. ಅಂಕದ ಪಕ್ಕ, ಅಭ್ಯರ್ಥಿ ಏನು ಮಾಡಿದರು ಅಥವಾ ಏನು ಹೇಳಿದರು ಅನ್ನೋದನ್ನ ಒಂದು ಸಾಲಿನಲ್ಲಿ ಬರೆಯಬೇಕು. ‘ಚೆನ್ನಾಗಿದ್ದಾರೆ’, ‘ವೀಕ್’ ಅಂತ ಬರೆಯೋ ಹಾಗಿಲ್ಲ. ಮೂವರೂ ಪರಸ್ಪರ ಮಾತಾಡೋ ಮೊದಲೇ ಶೀಟ್ ತುಂಬಬೇಕು, ಯಾಕಂದ್ರೆ ಹಿರಿಯರು ಮೊದಲು ಬಾಯಿ ತೆರೆದರೆ ಉಳಿದವರ ಅಂಕ ಅವರ ಕಡೆಗೇ ವಾಲುತ್ತೆ.

ಈ ಶೀಟ್ ಇಲ್ಲದೆ ಫೀಡ್‌ಬ್ಯಾಕ್ ಬರೆಯೋಕೆ ಕೂತರೆ ನೆನಪಿನಿಂದ ಬರೆಯಬೇಕಾಗುತ್ತೆ. ನೆನಪಿನಲ್ಲಿ ಉಳಿಯೋದು ಅಭ್ಯರ್ಥಿಯ ಶರ್ಟು, ಉಚ್ಚಾರಣೆ, ನಗು. ಕೆಲಸ ಅಲ್ಲ.

ಒಂದು ಪತ್ರ ಬರೆದ ಬಗೆ

ಐವರಲ್ಲಿ ಒಬ್ಬರು ಉತ್ತರ ಕರ್ನಾಟಕದ ಒಂದು ಪತ್ರಿಕೆಯಲ್ಲಿ ಎರಡು ವರ್ಷ ಕೆಲಸ ಮಾಡಿದ್ದ ಯುವತಿ. ಎಲ್ಲರಿಗೂ ಕೊಟ್ಟ ಟಾಸ್ಕ್ ಒಂದೇ: ನರೇಗಾ ಮಾದರಿಯಲ್ಲಿ ನಾವೇ ತಯಾರಿಸಿದ ತಾಲ್ಲೂಕುವಾರು ಕೋಷ್ಟಕ ನೋಡಿ, 45 ನಿಮಿಷದಲ್ಲಿ 300 ಪದದ ವರದಿ ಬರೆಯೋದು. ಕೋಷ್ಟಕದಲ್ಲಿ ಒಂದು ತಾಲ್ಲೂಕಿನ 12,000 ಕುಟುಂಬಗಳಿಗೆ ಒಟ್ಟು 4,80,000 ಮಾನವ ದಿನಗಳ ಕೆಲಸ ಸಿಕ್ಕಿತ್ತು. ಇನ್ನೊಂದರಲ್ಲಿ 6,000 ಕುಟುಂಬಗಳಿಗೆ 3,30,000 ಮಾನವ ದಿನ. ಮೊದಲನೆಯದರಲ್ಲಿ ಹೆಚ್ಚು ಕೆಲಸ ಕೊಟ್ಟಿದ್ದಾರೆ ಅಂತ ಅವರು ಬರೆದರು. ಭಾಗಿಸಿ ನೋಡಿದರೆ ಮೊದಲ ತಾಲ್ಲೂಕಿನಲ್ಲಿ ಕುಟುಂಬಕ್ಕೆ ಸಿಕ್ಕಿದ್ದು ಸರಾಸರಿ 40 ದಿನ, ಎರಡನೆಯದರಲ್ಲಿ 55. ಅಂದರೆ ವರದಿಯ ತಲೆಬರಹವೇ ತಿರುಗುಮುರುಗು ಆಗಿತ್ತು. ಆದರೆ ಬರವಣಿಗೆ ಬಹಳ ಸ್ವಚ್ಛ. ಫೀಲ್ಡಿಗೆ ಹೋದರೆ ಏನು ಕೇಳ್ತೀರಿ ಅಂದಾಗ ಅವರ ಮೊದಲ ಪ್ರಶ್ನೆ, ‘ಜಾಬ್ ಕಾರ್ಡ್ ಇದ್ದೂ ಅರ್ಜಿ ಹಾಕದೇ ಉಳಿದವರು ಯಾರು, ಯಾಕೆ?’ ಅನ್ನೋದು. ಉಳಿದ ನಾಲ್ವರಲ್ಲಿ ಯಾರೂ ಅದನ್ನು ಕೇಳಿರಲಿಲ್ಲ.

ಚರ್ಚೆಯಲ್ಲಿ ಪ್ಯಾನೆಲ್‌ನ ಒಬ್ಬರು ‘ಕಾನ್ಫಿಡೆನ್ಸ್ ಕಡಿಮೆ, ಕಮ್ಯುನಿಕೇಶನ್ ವೀಕ್’ ಅಂದರು. ಯಾವ ಮಾತಿನಿಂದ ಹಾಗನ್ನಿಸಿತು ಅಂತ ಕೇಳಿದಾಗ, ಶುರುವಿನ ಉಭಯಕುಶಲೋಪರಿಯಲ್ಲಿ ಅವರು ಇಂಗ್ಲಿಷಿನಲ್ಲಿ ತಡವರಿಸಿದ್ದು ಅಂತ ಗೊತ್ತಾಯ್ತು. ಹುದ್ದೆ ಕನ್ನಡದ್ದು. ನಮ್ಮ ನಾಲ್ಕು ಅಂಶಗಳಲ್ಲಿ ಇಂಗ್ಲಿಷ್ ಮಾತು ಇರಲೇ ಇಲ್ಲ. ಆ ಟಿಪ್ಪಣಿಯನ್ನು ಹೊಡೆದುಹಾಕಿದೆವು. ಆಮೇಲೂ ಅಂಕಿ ಓದೋದರಲ್ಲಿ ಅವರ ಅಂಕ 2ರಷ್ಟೇ ಉಳಿಯಿತು, ಡೇಟಾ ವರದಿಗಾರರಿಗೆ ಅದೇ ಮುಖ್ಯ. ಹಾಗಾಗಿ ಇಲ್ಲ ಅನ್ನೋ ತೀರ್ಮಾನ ನಿಂತಿತು. ಆದರೆ ಕಾರಣ ಬದಲಾಗಿತ್ತು, ಮತ್ತು ಆ ಕಾರಣವನ್ನು ಅವರಿಗೆ ಬರೆದು ಹೇಳಬಹುದಿತ್ತು.

ಅವರಿಗೆ ಹೋದ ಇಮೇಲ್‌ನ ಒಡಲು ಇಷ್ಟು:

“ನಮಸ್ಕಾರ. ಡೇಟಾ ವರದಿಗಾರರ ಹುದ್ದೆಗೆ ನಿಮ್ಮನ್ನು ಆಯ್ಕೆ ಮಾಡಿಲ್ಲ. ಇದು ಈ ಹುದ್ದೆಯ ಅಂತಿಮ ತೀರ್ಮಾನ. ಟಾಸ್ಕ್‌ಗೂ ಎರಡು ಸುತ್ತಿನ ಮಾತುಕತೆಗೂ ಸಮಯ ಕೊಟ್ಟಿದ್ದಕ್ಕೆ ಧನ್ಯವಾದ.

ಜಾಬ್ ಕಾರ್ಡ್ ಇದ್ದೂ ಅರ್ಜಿ ಹಾಕದವರ ಬಗ್ಗೆ ನೀವು ಎತ್ತಿದ ಪ್ರಶ್ನೆ, ಈ ಸಲ ನಾವು ಕೇಳಿದ ಫೀಲ್ಡ್ ಪ್ರಶ್ನೆಗಳಲ್ಲಿ ಅತ್ಯುತ್ತಮವಾಗಿತ್ತು. ತೀರ್ಮಾನಕ್ಕೆ ಕಾರಣವಾದದ್ದು ಟಾಸ್ಕಿನ ಅಂಕಿ ಭಾಗ. ಒಟ್ಟು ಮಾನವ ದಿನಗಳನ್ನು ಹೋಲಿಸಿದ್ದಿರಿ, ಕುಟುಂಬಗಳ ಸಂಖ್ಯೆಯಿಂದ ಭಾಗಿಸಿದ್ದರೆ ತಾಲ್ಲೂಕುಗಳ ಕ್ರಮ ಬದಲಾಗುತ್ತಿತ್ತು. ಇಂಥ ಕೋಷ್ಟಕ ಸಿಕ್ಕಾಗ ‘ಎಷ್ಟು ಜನಕ್ಕೆ ಇಷ್ಟು?’ ಅಂತ ಮೊದಲು ನೋಡೋದು ರೂಢಿಯಾದರೆ ಈ ಭಾಗ ಗಟ್ಟಿಯಾಗುತ್ತದೆ.

ಇದರ ಬಗ್ಗೆ ಹತ್ತು ನಿಮಿಷ ಮಾತಾಡಬೇಕು ಅನ್ನಿಸಿದರೆ ಈ ವಾರ ಇದೇ ಇಮೇಲ್‌ಗೆ ಬರೆಯಿರಿ.”

ಇದರಲ್ಲಿ ಏನೇನಿದೆ ನೋಡಿ. ತೀರ್ಮಾನ ಮೊದಲ ಸಾಲಿನಲ್ಲೇ ಇದೆ. ಹೊಗಳಿಕೆಯಿಂದ ಶುರು ಮಾಡಿದರೆ ಓದುವವರು ಎರಡನೇ ಪ್ಯಾರಾವರೆಗೂ ಆಸೆ ಇಟ್ಟುಕೊಂಡಿರ್ತಾರೆ, ಆಮೇಲೆ ಬಿದ್ದ ನೋವು ಜಾಸ್ತಿ. ‘ಅಂತಿಮ’ ಅನ್ನೋ ಪದ ಇದೆ, ಇಲ್ಲದಿದ್ದರೆ ಇನ್ನೊಂದು ಸುತ್ತು ಇರಬಹುದೇನೋ ಅಂತ ಕಾಯ್ತಾರೆ. ಮೆಚ್ಚಿದ್ದು ಒಂದೇ, ಆದರೆ ಅದು ಅವರು ಮಾತ್ರ ಮಾಡಿದ್ದು. ‘ನಿಮ್ಮ ಪ್ರೊಫೈಲ್ ಆಕರ್ಷಕವಾಗಿದೆ’ ಅನ್ನೋ ಮಾತು ಐವರಿಗೂ ಹೊಂದುತ್ತೆ, ಆದ್ದರಿಂದ ಯಾರಿಗೂ ಏನೂ ಹೇಳೋದಿಲ್ಲ. ಕೊರತೆಯೂ ಒಂದೇ, ಅವರು ಮೇಜಿನ ಮೇಲೆ ಮಾಡಿದ ಕೆಲಸದ್ದು, ಮುಂದಿನ ವಾರವೇ ತಿದ್ದಿಕೊಳ್ಳಬಹುದಾದದ್ದು.

ಐದು ಕೊರತೆ ಪಟ್ಟಿ ಮಾಡಿದರೆ ಅದು ಫೀಡ್‌ಬ್ಯಾಕ್ ಅಲ್ಲ, ಚಾರ್ಜ್‌ಶೀಟ್. ತೀರ್ಮಾನವನ್ನು ನಿಜವಾಗಿ ಬದಲಿಸಿದ್ದು ಯಾವುದೋ ಅದೊಂದು ಸಾಕು.

ಬರೆಯೋಕೆ ಆಗದ ಪತ್ರ

ಉಳಿದವರ ಪತ್ರಗಳಲ್ಲಿ ಒಂದು ಮುಂದಕ್ಕೆ ಹೋಗಲಿಲ್ಲ. ನಾವು ಮೂರನೇ ಸ್ಥಾನಕ್ಕೆ ಇಳಿಸಿದ್ದ ಹುಡುಗನ ಶೀಟ್ ತೆಗೆದು ನೋಡಿದರೆ ಎಲ್ಲಾ ಅಂಶಕ್ಕೂ 3 ಅಥವಾ 4 ಇತ್ತು. ಎರಡನೇ ಸ್ಥಾನದವರಿಗಿಂತ ಒಟ್ಟು ಅಂಕ ಜಾಸ್ತಿ. ಮತ್ತೆ ಯಾಕೆ ಕೆಳಗೆ ಹೋದರು? ಚರ್ಚೆಯ ಟಿಪ್ಪಣಿಯಲ್ಲಿ ಎರಡು ಮಾತಿತ್ತು: ‘ನಮ್ಮ ಟೀಮಿಗೆ ಸೆಟ್ ಆಗೋದು ಡೌಟು’, ‘ಬಹಳ ದಿನ ಇರ್ತಾರಾ?’

ಈ ಎರಡನ್ನೂ ಅವರಿಗೆ ಬರೆಯೋ ಪತ್ರದಲ್ಲಿ ಹಾಕಿ ನೋಡಿ. ‘ನೀವು ನಮ್ಮ ಟೀಮಿಗೆ ಸೆಟ್ ಆಗೋದಿಲ್ಲ’ ಅಂದ್ರೆ ಅವರ ಮುಂದಿನ ಪ್ರಶ್ನೆ ‘ಯಾಕೆ?’ ಅಂತಲೇ ಇರುತ್ತೆ. ಅದಕ್ಕೆ ನಮ್ಮಲ್ಲಿ ಉತ್ತರ ಇರಲಿಲ್ಲ. ಸೆಟ್ ಆಗೋದು ಅಂದರೆ ನಾವು ಕುಡಿಯೋ ಜಾಗದಲ್ಲೇ ಕಾಫಿ ಕುಡಿಯೋರು, ನಾವು ನಗೋ ಜೋಕಿಗೇ ನಗೋರು, ನಮ್ಮಂಥ ಕಾಲೇಜಿನಿಂದ ಬಂದವರು ಅಂತಲೇ ಆಗಿಬಿಡುತ್ತೆ. ಜಾತಿ, ಧರ್ಮ, ಊರು, ಓದಿದ ಮಾಧ್ಯಮ ಯಾರ ಬಾಯಲ್ಲೂ ಬರೋದಿಲ್ಲ, ಎಲ್ಲವೂ ಆ ಒಂದು ಪದದೊಳಗೆ ಸದ್ದಿಲ್ಲದೆ ಕೂತಿರ್ತವೆ. ‘ಬಹಳ ದಿನ ಇರ್ತಾರಾ’ ಅನ್ನೋದೂ ಹಾಗೆಯೇ. ಹುಡುಗಿಯರ ವಿಷಯದಲ್ಲಿ ಅದರ ಅರ್ಥ ಮದುವೆ, ದೂರದ ಊರಿನವರ ವಿಷಯದಲ್ಲಿ ಮನೆಯ ಪರಿಸ್ಥಿತಿ. ಎರಡನ್ನೂ ನಾವು ಅವರ ಬಾಯಿಂದ ಕೇಳಿರೋದಿಲ್ಲ, ಊಹಿಸಿರ್ತೀವಿ.

ಟೀಮ್ ಜೊತೆ ಕೆಲಸ ಮಾಡೋ ಗುಣ ನಿಜವಾಗಿಯೂ ಬೇಕಾದರೆ ಅದನ್ನೂ ಪರೀಕ್ಷಿಸಬಹುದು. ನಾಲ್ಕನೇ ಅಂಶ ಇದ್ದದ್ದೇ ಅದಕ್ಕೆ. ಈ ಹುಡುಗ ಬರೆದ ವರದಿಯನ್ನು ಎಡಿಟರ್ ಅವರ ಎದುರೇ ತಿದ್ದಿದ್ದರು. ಒಂದು ತಿದ್ದುಪಡಿಯನ್ನು ಅವರು ಕಾರಣ ಕೊಟ್ಟು ಒಪ್ಪಲಿಲ್ಲ, ಉಳಿದದ್ದನ್ನು ಒಪ್ಪಿ ಹತ್ತು ನಿಮಿಷದಲ್ಲಿ ಹೊಸ ಪ್ರತಿ ಕೊಟ್ಟರು. ಶೀಟಿನಲ್ಲಿ ಅದಕ್ಕೆ 4 ಬಿದ್ದಿತ್ತು.

ಪ್ಯಾನೆಲ್ ಇಪ್ಪತ್ತು ನಿಮಿಷ ಮತ್ತೆ ಕೂತಿತು, ಅವರ ಹೆಸರು ಎರಡನೇ ಸ್ಥಾನಕ್ಕೆ ಬಂತು. ಮೊದಲ ಸ್ಥಾನದವರ ಅಂಕ ಆಗಲೂ ಜಾಸ್ತಿಯೇ ಇತ್ತು, ಕೆಲಸ ಅವರಿಗೇ ಹೋಯಿತು. ಆದರೆ ಮೊದಲ ಆಯ್ಕೆಯವರು ಬರೋದಿಲ್ಲ ಅಂದರೆ ಯಾರನ್ನು ಕರೀಬೇಕು ಅನ್ನೋದು ಬದಲಾಯಿತು. ಪತ್ರ ಬರೆಯೋ ಪದ್ಧತಿಯೇ ಇಲ್ಲದಿದ್ದರೆ ಆ ಶೀಟನ್ನು ಯಾರೂ ಮತ್ತೆ ತೆಗೆದು ನೋಡ್ತಿರಲಿಲ್ಲ.

ಯಾರಿಗೆ, ಯಾವಾಗ, ಎಷ್ಟು

ಎರಡನೇ ಸ್ಥಾನದವರನ್ನು ಕತ್ತಲಲ್ಲಿ ಇಡೋದು ಕಂಪನಿಗಳ ಹಳೇ ಚಾಳಿ. ಮೊದಲನೆಯವರು ಆಫರ್ ಒಪ್ಪಿ, ಕೆಲಸಕ್ಕೆ ಸೇರೋವರೆಗೂ ಎರಡನೆಯವರಿಗೆ ‘ಪ್ರೋಸೆಸ್ ನಡೀತಿದೆ’ ಅಂತಿರ್ತಾರೆ. ಇದಕ್ಕಿಂತ ನೇರ ದಾರಿ ಇದೆ. ‘ಆಫರ್ ಇನ್ನೊಬ್ಬರಿಗೆ ಹೋಗಿದೆ, ನೀವು ಎರಡನೇ ಸ್ಥಾನದಲ್ಲಿದ್ದೀರಿ. 14ನೇ ತಾರೀಖಿನೊಳಗೆ ಖಚಿತವಾಗಿ ತಿಳಿಸ್ತೀವಿ. ನಡುವೆ ಬೇರೆ ಕೆಲಸ ಸಿಕ್ಕರೆ ನಮಗಾಗಿ ಕಾಯಬೇಡಿ’ ಅಂತ ಬರೆಯಬಹುದು. ಆ ತಾರೀಖು ಬಂದಾಗ, ಹೇಳೋಕೆ ಹೊಸದೇನೂ ಇಲ್ಲದಿದ್ದರೂ ಬರೆಯಬೇಕು.

ಉಳಿದವರಿಗೆ ತೀರ್ಮಾನವಾದ ಎರಡು ಮೂರು ಕೆಲಸದ ದಿನದೊಳಗೆ ಹೇಳಿಬಿಡಬೇಕು. ಇಮೇಲ್ ಒಳ್ಳೆಯದು. ಗೊತ್ತಿಲ್ಲದ ಹೊತ್ತಿಗೆ ಫೋನ್ ಬಂದರೆ ಕೆಲಸ ಸಿಕ್ಕಿತು ಅಂತಲೇ ಎತ್ತಿಕೊಳ್ತಾರೆ, ಬಸ್ಸಿನಲ್ಲಿ ನಿಂತು ‘ಪರವಾಗಿಲ್ಲ ಸರ್’ ಅನ್ನಬೇಕಾಗುತ್ತೆ. ಇಮೇಲ್ ಆದರೆ ಒಬ್ಬರೇ ಕೂತು ಓದಬಹುದು, ಬೇಕು ಅನ್ನಿಸಿದಾಗ ಮಾತಾಡಬಹುದು. ಕಳಿಸೋರ ಹೆಸರು ಇರಬೇಕು, ಅವರು ಇಂಟರ್‌ವ್ಯೂನಲ್ಲಿ ಕೂತವರಾಗಿರಬೇಕು. ಉತ್ತರ ಬರೆಯೋಕೆ ಆಗದ ‘ನೋ ರಿಪ್ಲೈ’ ವಿಳಾಸದಿಂದ ಬಂದ ಪತ್ರ ಮುಚ್ಚಿದ ಬಾಗಿಲಿನ ಮೇಲೆ ಅಂಟಿಸಿದ ನೋಟಿಸ್ ಇದ್ದ ಹಾಗೆ.

ಅರ್ಜಿ ಹಾಕಿಯೂ ಇಂಟರ್‌ವ್ಯೂವರೆಗೆ ಬರದ ಐವತ್ತೈದು ಜನಕ್ಕೆ ವಿವರವಾಗಿ ಬರೆಯೋಕೆ ಆಗೋದಿಲ್ಲ, ಎರಡು ಸಾಲಿನ ಉತ್ತರ ಸಾಕು. ಅವರು ಕೊಟ್ಟದ್ದು ಒಂದು ಅರ್ಜಿ, ಇಂಟರ್‌ವ್ಯೂಗೆ ಬಂದವರು ಕೊಟ್ಟದ್ದು ಒಂದೆರಡು ದಿನ. ಒಂದೇ ದಿನ ಇನ್ನೂರು ಜನರನ್ನು ನೋಡೋ ಕ್ಯಾಂಪಸ್ ಪ್ಲೇಸ್‌ಮೆಂಟ್‌ನಲ್ಲೂ ಒಬ್ಬೊಬ್ಬರಿಗೆ ಪತ್ರ ಕಷ್ಟ. ಅಲ್ಲಿ ಯಾವ ಸುತ್ತಿನಲ್ಲಿ, ಯಾವ ಭಾಗದಲ್ಲಿ ಅಂಕ ಕಡಿಮೆ ಬಂತು ಅಂತ ಹೇಳಿದರೂ ಕಾಲೇಜಿನ ಹುಡುಗರಿಗೆ ಮುಂದಿನ ಕಂಪನಿಗೆ ಏನು ಓದಬೇಕು ಅಂತ ಗೊತ್ತಾಗುತ್ತೆ.

ಕೆಲವು ಸಲ ಕಾರಣ ಅಭ್ಯರ್ಥಿಯಲ್ಲಿ ಇರೋದೇ ಇಲ್ಲ. ಬಜೆಟ್ ಕಡಿತ ಆಗಿರುತ್ತೆ, ಒಳಗಿನವರಿಗೇ ಹುದ್ದೆ ಕೊಟ್ಟಿರ್ತಾರೆ. ಆಗ ಅದನ್ನೇ ಬರೆಯಬೇಕು. ಮರ್ಯಾದೆಗೆ ಅಂತ ಒಂದು ಕೊರತೆ ಹುಡುಕಿ ಬರೆದರೆ, ಇಲ್ಲದ ಕೊರತೆ ತಿದ್ದಿಕೊಳ್ಳೋಕೆ ಅವರು ಆರು ತಿಂಗಳು ಹಾಕ್ತಾರೆ. ‘ನಿಮ್ಮ ರೆಸ್ಯೂಮೆ ಇಟ್ಟುಕೊಂಡಿರ್ತೀವಿ’ ಅನ್ನೋದನ್ನೂ ನಿಜವಾಗಿ ಇಟ್ಟುಕೊಳ್ಳೋದಾದರೆ ಮಾತ್ರ ಬರೀಬೇಕು.

‘ಬರೆದುಕೊಟ್ಟರೆ ಕೇಸು ಹಾಕ್ತಾರೆ’

ಎಚ್‌ಆರ್‌ನವರ ಸಾಮಾನ್ಯ ಆಕ್ಷೇಪ ಇದು. ಪೂರ್ತಿ ಸುಳ್ಳಲ್ಲ. ಬರೆದ ಕಾರಣ ಸಾಕ್ಷಿಯಾಗುತ್ತೆ. ‘ಟಾಸ್ಕಿನಲ್ಲಿ ಸರಾಸರಿ ತೆಗೆದಿರಲಿಲ್ಲ’ ಅನ್ನೋ ಸಾಕ್ಷಿಯಿಂದ ಯಾವ ಕಂಪನಿಗೂ ತೊಂದರೆ ಇಲ್ಲ. ‘ಮದುವೆ ಆಗಿ ಹೋಗ್ತಾರೆ’ ಅನ್ನೋದರಿಂದ ತೊಂದರೆ ಇದೆ, ಇರಲೇಬೇಕು. ಹಾಗಾಗಿ ಅಪಾಯ ಇರೋದು ಕಾರಣದಲ್ಲಿ, ಅದನ್ನು ಬರೆಯೋದರಲ್ಲಿ ಅಲ್ಲ. ನಿಮ್ಮ ಕಂಪನಿ ಫೀಡ್‌ಬ್ಯಾಕ್ ಕೊಡೋದನ್ನ ಪೂರ್ತಿ ನಿಷೇಧಿಸಿದ್ದರೆ, ನೀವೊಬ್ಬರೇ ವಾಟ್ಸಾಪಿನಲ್ಲಿ ಗುಟ್ಟಾಗಿ ಹೇಳೋಕೆ ಹೋಗಬೇಡಿ. ತೀರ್ಮಾನವನ್ನಾದರೂ ಬೇಗ ತಿಳಿಸಿ ಅಂತ ಒತ್ತಾಯಿಸಿ, ಒಳಗಿನ ಶೀಟಿನಲ್ಲಿ ಕಾರಣ ಬರೆಸಿ. ಪರೀಕ್ಷೆಯ ಅರ್ಧ ಅಲ್ಲೇ ಆಗುತ್ತೆ.

ಇನ್ನೊಂದು ಭಯ, ಅಭ್ಯರ್ಥಿ ವಾದಕ್ಕೆ ಇಳಿಯೋದು. ನಾವು ಬರೆದವರಲ್ಲಿ ಒಬ್ಬರು ‘ಭಾಗಿಸಿ ಅಂತ ಟಾಸ್ಕಿನಲ್ಲಿ ಹೇಳಿರಲಿಲ್ಲ’ ಅಂತ ಉತ್ತರಿಸಿದರು. ‘ಹೌದು, ಹೇಳಿರಲಿಲ್ಲ. ಯಾವ ಹೋಲಿಕೆ ಸರಿ ಅಂತ ಆರಿಸೋದೇ ಪರೀಕ್ಷೆಯಾಗಿತ್ತು. ತೀರ್ಮಾನ ಬದಲಾಗೋದಿಲ್ಲ’ ಅಂತ ಒಂದು ಉತ್ತರ ಕೊಟ್ಟೆವು, ಅಲ್ಲಿಗೆ ಮುಗಿಯಿತು. ಒಂದು ಸಲ ಉತ್ತರ ಕೊಡೋದು ಮರ್ಯಾದೆ. ಮೂರನೇ ಸಲವೂ ಕೊಟ್ಟರೆ ತೀರ್ಮಾನ ಇನ್ನೂ ತೆರೆದಿದೆ ಅನ್ನೋ ಸುಳ್ಳು ಆಸೆ ಕೊಟ್ಟ ಹಾಗೆ.

ನೀವು ಮೇಜಿನ ಆ ಕಡೆ ಇದ್ದರೆ, ‘ನನ್ನನ್ನ ಯಾಕೆ ರಿಜೆಕ್ಟ್ ಮಾಡಿದ್ರಿ?’ ಅಂತ ಬರೆಯಬೇಡಿ, ಅದಕ್ಕೆ ಉತ್ತರ ಬರೋದು ಕಡಿಮೆ. ‘ನನ್ನ ಟಾಸ್ಕಿನಲ್ಲಿ ನಿಮ್ಮ ತೀರ್ಮಾನ ಬದಲಿಸಬಹುದಾಗಿದ್ದ ಒಂದು ಭಾಗ ಯಾವುದು?’ ಅಂತ ಕೇಳಿ. ಒಂದು ಸಾಲಿನಲ್ಲಿ ಉತ್ತರಿಸಬಹುದಾದ ಪ್ರಶ್ನೆ ಅದು. ಉತ್ತರ ಬಂದರೆ ನಿಮಗೆ ಲಾಭ. ಬರದೇ ಇದ್ದರೂ, ಆ ಸಾಲನ್ನು ತುಂಬೋಕೆ ಏನಾದರೂ ಇದೆಯಾ ಅಂತ ಆ ಆಫೀಸಿನಲ್ಲಿ ಯಾರೋ ಒಬ್ಬರು ಶೀಟ್ ತೆಗೆದು ನೋಡುವ ಸಾಧ್ಯತೆ ಇದೆ.